ದಿನಕ್ಕೆ ಎಷ್ಟು ಡಬ್ಬಿ ಹೋದರೆ ಅಸಲು ಹುಟ್ಟುತ್ತದೆ? ಮನೆ ಊಟದ ಡಬ್ಬಿಗೆ ಬ್ರೇಕ್-ಈವನ್ ಲೆಕ್ಕ

ಮನೆಯಲ್ಲೇ ಅಡುಗೆ ಮಾಡಿ ಆಫೀಸುಗಳಿಗೆ ಊಟದ ಡಬ್ಬಿ ಕಳಿಸುವವರನ್ನು "ತಿಂಗಳಿಗೆ ಎಷ್ಟು ಉಳಿಯುತ್ತೆ?" ಅಂತ ಕೇಳಿ ನೋಡಿ. ಹೆಚ್ಚಿನವರು ಹೇಳುವುದು ಎಷ್ಟು ಬಂತು ಅನ್ನುವುದನ್ನು. ಬಂದದ್ದು ಫೋನಿನಲ್ಲಿ ಸಾಲಾಗಿ ಕಾಣುತ್ತದೆ. ಹೋದದ್ದು ಹಾಗೆ ಒಂದೇ ಕಡೆ ಕಾಣುವುದಿಲ್ಲ. ತರಕಾರಿಗೆ ಕೈಯಿಂದ ಚಿಲ್ಲರೆ ಹೋಗಿರುತ್ತದೆ, ಅಕ್ಕಿ ಮನೆ ಮೂಟೆಯಿಂದಲೇ ತೆಗೆದಿರುತ್ತಾರೆ, ಗ್ಯಾಸ್ ದುಡ್ಡು ಯಜಮಾನರು ಕಟ್ಟಿರುತ್ತಾರೆ. ಹಾಗಾಗಿ ಡಬ್ಬಿ ಹೆಚ್ಚಾದಷ್ಟೂ ಲಾಭ ಜಾಸ್ತಿ ಅಂತ ಅನಿಸುತ್ತದೆ. ಯಾವಾಗಲೂ ಹಾಗಿರುವುದಿಲ್ಲ. ಕೆಲವು ಸಲ ಡಬ್ಬಿ ಹೆಚ್ಚಿದರೆ ಕೈಗೆ ಉಳಿಯುವುದು ಕಡಿಮೆಯಾಗುತ್ತದೆ.

ನಮ್ಮ ಅತ್ತಿಗೆ ಬೆಂಗಳೂರಿನ ವಿಜಯನಗರದ ಮನೆಯಿಂದ ಇದೇ ಕೆಲಸ ಮಾಡುತ್ತಾರೆ. ಸೋಮವಾರದಿಂದ ಶುಕ್ರವಾರ, ಮಧ್ಯಾಹ್ನದ ಊಟ ಮಾತ್ರ. ಮೂರು ಚಪಾತಿ, ಒಂದು ಪಲ್ಯ, ಅನ್ನ, ಸಾರು ಅಥವಾ ಹುಳಿ, ಮಜ್ಜಿಗೆ. ಡಬ್ಬಿಗೆ 90 ರೂಪಾಯಿ. ರಾಜಾಜಿನಗರ, ಮಾಗಡಿ ರಸ್ತೆ ಕಡೆಯ ಆಫೀಸುಗಳಿಗೆ ಹೋಗುತ್ತದೆ. ಅವರ ಲೆಕ್ಕವನ್ನೇ ಇಟ್ಟುಕೊಂಡು ಹೆಜ್ಜೆ ಹೆಜ್ಜೆಯಾಗಿ ನೋಡೋಣ. ದರಗಳನ್ನು ಲೆಕ್ಕಕ್ಕೆ ಸುಲಭವಾಗುವ ಹಾಗೆ ಸ್ವಲ್ಪ ದುಂಡಗೆ ಮಾಡಿದ್ದೇನೆ. ನಿಮ್ಮ ಬೀದಿಯ ದರ ಹಾಕಿಕೊಂಡರೆ ನಿಮ್ಮ ಉತ್ತರ ಬರುತ್ತದೆ.

ಹೆಜ್ಜೆ 1: ಮನೆಯ ಅಡುಗೆ ಬೇರೆ, ಡಬ್ಬಿಯ ಅಡುಗೆ ಬೇರೆ

ಒಂದೇ ಒಲೆ, ಒಂದೇ ಪಾತ್ರೆ ಇದ್ದರೂ ಸಾಮಾನು ಬೇರೆ ಇಡಿ. ಡಬ್ಬಿಯ ಅಕ್ಕಿಗೆ, ಬೇಳೆಗೆ, ಎಣ್ಣೆಗೆ ಬೇರೆ ಡಬ್ಬ, ಬೇರೆ ಚೀಟಿ. ಎರಡು ವಾರ ಇಷ್ಟು ಮಾಡಿದರೆ ಸಾಕು, ಆಮೇಲಿನ ಲೆಕ್ಕವೆಲ್ಲ ಸಲೀಸು. ಮನೆಯವರು ನಾಲ್ಕು ಜನ ಅದೇ ಹುಳಿ ಊಟ ಮಾಡುತ್ತೀರಾ? ಮಾಡಿ, ಆದರೆ ಅದನ್ನೂ ನಾಲ್ಕು ಊಟ ಅಂತ ಎಣಿಸಿ. ಇಲ್ಲದಿದ್ದರೆ ನಿಮ್ಮ ಮನೆಯ ಊಟದ ಖರ್ಚು ಗಿರಾಕಿಯ ಡಬ್ಬಿಯ ತಲೆಗೆ ಬೀಳುತ್ತದೆ. ವ್ಯಾಪಾರ ಇರುವುದಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ಗ್ಯಾಸ್ ವಿಷಯದಲ್ಲಿ ಇನ್ನೂ ಒಂದು ಕಾರಣವಿದೆ. ಮನೆ ಬಳಕೆಯ 14.2 ಕೆಜಿ ಸಿಲಿಂಡರ್‌ನಲ್ಲಿ ವ್ಯಾಪಾರದ ಅಡುಗೆ ಮಾಡುವ ಹಾಗಿಲ್ಲ. ವ್ಯಾಪಾರಕ್ಕೆ ಅಂತಲೇ ಬರುವ ಸಿಲಿಂಡರ್ ತೆಗೆದುಕೊಳ್ಳಬೇಕು, ಸಾಮಾನ್ಯವಾಗಿ 19 ಕೆಜಿಯದ್ದು, ಅದರ ದರ ಜಾಸ್ತಿ. ಮನೆ ಸಿಲಿಂಡರ್ ದರ ಹಾಕಿ ಲೆಕ್ಕ ಮಾಡಿದರೆ ಉತ್ತರ ಮೊದಲೇ ತಪ್ಪಿರುತ್ತದೆ.

ಹೆಜ್ಜೆ 2: ಒಂದು ಡಬ್ಬಿ ಹೆಚ್ಚಾದರೆ ಎಷ್ಟು ಖರ್ಚು ಹೆಚ್ಚುತ್ತದೆ?

ಈ ಹೆಜ್ಜೆಗೆ ಸಮಯ ಕೊಡಿ. ಇಲ್ಲಿ ಎರಡು ರೂಪಾಯಿ ತಪ್ಪಿದರೂ ಮುಂದೆ ದೊಡ್ಡ ವ್ಯತ್ಯಾಸ ಬರುತ್ತದೆ.

ಒಂದೇ ಡಬ್ಬಿಗೆ ಎಷ್ಟು ಉಪ್ಪು, ಎಷ್ಟು ಸಾಸಿವೆ ಅಂತ ಅಳೆಯಲು ಹೋಗಬೇಡಿ, ಆಗುವುದಿಲ್ಲ. ಇಪ್ಪತ್ತು ಡಬ್ಬಿಗೆ ಒಟ್ಟಿಗೆ ಅಳೆದು 20ರಿಂದ ಭಾಗಿಸಿ. ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಅತ್ತಿಗೆಯ ಒಂದು ದಿನದ ಲೆಕ್ಕ ಹೀಗಿತ್ತು:

- ಸೋನಾ ಮಸೂರಿ ಅಕ್ಕಿ 2 ಕೆಜಿ: 120 ರೂ.
- ಗೋಧಿ ಹಿಟ್ಟು 1.8 ಕೆಜಿ: 90 ರೂ.
- ತೊಗರಿಬೇಳೆ 600 ಗ್ರಾಂ: 90 ರೂ.
- ತರಕಾರಿ 3 ಕೆಜಿ: 150 ರೂ.
- ಎಣ್ಣೆ 300 ಎಂಎಲ್: 45 ರೂ.
- ತೆಂಗಿನಕಾಯಿ 2: 80 ರೂ.
- ಮಜ್ಜಿಗೆಗೆ ಮೊಸರು ಒಂದೂವರೆ ಲೀಟರ್: 75 ರೂ.
- ಹುಣಸೆಹಣ್ಣು, ಸಾರಿನ ಪುಡಿ, ಒಗ್ಗರಣೆ ಸಾಮಾನು, ಉಪ್ಪು: 50 ರೂ.

ಒಟ್ಟು 700. ಅಂದರೆ ಡಬ್ಬಿಗೆ 35 ರೂಪಾಯಿ.

ಇದರಲ್ಲಿ ಕೈಕೊಡುವ ಸಾಲು ಎರಡು. ಒಂದು ತರಕಾರಿ. ತೂಗಬೇಕಾದ್ದು ಕೊಂಡ ತೂಕವನ್ನೇ ಹೊರತು ಹೆಚ್ಚಿದ ಮೇಲಿನ ತೂಕವನ್ನಲ್ಲ. ಹೂಕೋಸು ತಂದ ದಿನ ದಂಟು, ಎಲೆ ತೆಗೆದು ಪಕ್ಕಕ್ಕಿಟ್ಟು ತೂಗಿ ನೋಡಿ. ಬೀನ್ಸ್‌ಗೂ ಹೂಕೋಸಿಗೂ ಎಷ್ಟು ಫರಕು ಅಂತ ಗೊತ್ತಾಗುತ್ತದೆ. ಕೆಜಿಗೆ ಹತ್ತು ರೂಪಾಯಿ ಅಗ್ಗ ಅಂತ ತಂದದ್ದು ಬಾಣಲೆಗೆ ಬರುವ ಹೊತ್ತಿಗೆ ದುಬಾರಿಯಾಗಿರುತ್ತದೆ. ಇನ್ನೊಂದು ಎಣ್ಣೆ. ಕ್ಯಾನಿನಿಂದ ನೇರ ಬಾಣಲೆಗೆ ಸುರಿಯುವ ಕೈಗೆ 300 ಎಂಎಲ್ ಎಷ್ಟು ಅನ್ನುವುದು ತಿಳಿಯುವುದಿಲ್ಲ. ಬೆಳಗ್ಗೆಯೇ ಆ ದಿನದ ಎಣ್ಣೆಯನ್ನು ಒಂದು ಲೋಟಕ್ಕೆ ಅಳೆದು ಹಾಕಿಡಿ. ಲೋಟ ಖಾಲಿಯಾದ ಮೇಲೆ ಮತ್ತೆ ಕ್ಯಾನ್ ಎತ್ತಿದರೆ ಅದನ್ನೂ ಬರೆಯಿರಿ.

ಅಡುಗೆ ಸಾಮಾನಲ್ಲದೆ ಡಬ್ಬಿ ಡಬ್ಬಿಗೂ ಹೋಗುವ ಬೇರೆ ಖರ್ಚುಗಳಿವೆ. ಗ್ಯಾಸ್ ಅಳೆಯಲು ಸುಲಭ ದಾರಿ ಇದೆ. ಹೊಸ ಸಿಲಿಂಡರ್ ಜೋಡಿಸಿದ ದಿನ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಕು ಬರೆಯಿರಿ. ಮುಗಿಯುವ ತನಕ ಹೋದ ಡಬ್ಬಿಗಳನ್ನು ಎಣಿಸಿ. 1,900 ರೂಪಾಯಿಯ ಸಿಲಿಂಡರ್ 380 ಊಟಕ್ಕೆ ಬಂದರೆ ಊಟಕ್ಕೆ 5 ರೂಪಾಯಿ. ಡಬ್ಬಿ ತಲುಪಿಸಿ ಹಿಂದಿನ ದಿನದ ಖಾಲಿ ಡಬ್ಬಿ ತರುವ ಹುಡುಗನಿಗೆ ಡಬ್ಬಿಗೆ 15 ರೂಪಾಯಿ. ಸ್ಟೀಲ್ ಡಬ್ಬಿಯಾದ್ದರಿಂದ ಪ್ಯಾಕಿಂಗ್ ಖರ್ಚಿಲ್ಲ, ತೊಳೆಯುವ ಸೋಪು ಪುಡಿಗೆ 1 ರೂಪಾಯಿ. ದಿನವೂ ಒಂದೆರಡು ಊಟ ಮಿಗುತ್ತದೆ, ಯಾಕೆಂದರೆ ಅನ್ನ ಸಾಲದೆ ಹೋಗಬಾರದು ಅಂತ ಎಲ್ಲರೂ ಒಂದು ಹಿಡಿ ಜಾಸ್ತಿಯೇ ಇಡುತ್ತಾರೆ. ಅದಕ್ಕೆ 2 ರೂಪಾಯಿ.

35, 5, 15, 1, 2 ಕೂಡಿದರೆ 58. ಗಿರಾಕಿ ಕೊಡುವ 90ರಲ್ಲಿ 58 ಕಳೆದರೆ 32 ರೂಪಾಯಿ ಉಳಿಯಿತು. ಕಾಮರ್ಸ್ ಪುಸ್ತಕದಲ್ಲಿ ಇದಕ್ಕೆ ಕಾಂಟ್ರಿಬ್ಯೂಷನ್ ಅಂತಾರೆ. ನಾವು ಉಳಿಕೆ ಅನ್ನೋಣ. ಈ 32 ಇನ್ನೂ ಲಾಭವಲ್ಲ. ತಿಂಗಳ ಖರ್ಚುಗಳನ್ನು ತೀರಿಸಬೇಕಾದ್ದು ಇದರಿಂದಲೇ.

ಹೆಜ್ಜೆ 3: ಡಬ್ಬಿ ಹೋದರೂ ಹೋಗದಿದ್ದರೂ ಆಗುವ ಖರ್ಚು

ಹೆಚ್ಚುವುದಕ್ಕೆ, ಚಪಾತಿ ಲಟ್ಟಿಸುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಬರುವ ಸಹಾಯಕಿಗೆ ತಿಂಗಳಿಗೆ 6,000. ಹತ್ತು ಡಬ್ಬಿ ಹೋದರೂ ಅಷ್ಟೇ, ಮೂವತ್ತು ಹೋದರೂ ಅಷ್ಟೇ. ಕರೆಂಟು, ನೀರು ಮೊದಲಿಗಿಂತ ಜಾಸ್ತಿ ಬರುವುದು 700. ಫೋನ್ 300. ಕಳೆದುಹೋದ ಡಬ್ಬಿ, ಹರಿದ ಬ್ಯಾಗು, ಎಫ್‌ಎಸ್‌ಎಸ್‌ಎಐ ನೋಂದಣಿ, ಸಣ್ಣಪುಟ್ಟ ರಿಪೇರಿ ಎಲ್ಲ ಸೇರಿ 400.

ಆಮೇಲೆ ಶುರುವಿನಲ್ಲಿ ಹಾಕಿದ ದುಡ್ಡು. ಒಲೆ, ಎರಡು ದೊಡ್ಡ ಕುಕ್ಕರ್, ಪಾತ್ರೆ, ಗ್ರೈಂಡರ್, ಬ್ಯಾಗು, ತಕ್ಕಡಿ, 70 ಸ್ಟೀಲ್ ಡಬ್ಬಿ, ಒಟ್ಟು 36,000. ಅವರ ಅಡುಗೆಮನೆಯಿಂದ ದಿನಕ್ಕೆ ಹೊರಡುವುದು ಹೆಚ್ಚೆಂದರೆ ಮೂವತ್ತೈದು ಊಟ, ಅದಕ್ಕೆ 70 ಡಬ್ಬಿ ಯಾಕೆ ಅಂದರೆ, ನಿನ್ನೆಯ ಡಬ್ಬಿ ಆಫೀಸಿನಲ್ಲಿ ಇರುವಾಗ ಇವತ್ತಿನದ್ದು ತುಂಬಬೇಕಲ್ಲ. ಈ ಸಾಮಾನು ಮೂರು ವರ್ಷ ಬಾಳುತ್ತದೆ ಅಂದುಕೊಂಡು 36ರಿಂದ ಭಾಗಿಸಿದರೆ ತಿಂಗಳಿಗೆ 1,000. ಇದನ್ನು ಬಿಟ್ಟರೆ ಮೂರು ವರ್ಷದ ನಂತರ ಕುಕ್ಕರ್ ಕೈಕೊಟ್ಟಾಗ ಹೊಸದಕ್ಕೆ ದುಡ್ಡು ಇರುವುದಿಲ್ಲ.

ಒಟ್ಟು 8,400.

ಮನೆ ಬಾಡಿಗೆ? ಹಾಕಬೇಡಿ. ಡಬ್ಬಿ ಕೆಲಸ ನಿಲ್ಲಿಸಿದರೂ ಅದೇ ಮನೆಗೆ ಅದೇ ಬಾಡಿಗೆ ಕಟ್ಟುತ್ತೀರಲ್ಲ. "ಈ ಕೆಲಸ ನಾಳೆ ನಿಲ್ಲಿಸಿದರೆ ಈ ಖರ್ಚು ನಿಲ್ಲುತ್ತದಾ?" ಅಂತ ಕೇಳಿಕೊಳ್ಳಿ. ನಿಲ್ಲುತ್ತದೆ ಅಂದರೆ ಲೆಕ್ಕಕ್ಕೆ ಬರುತ್ತದೆ, ಇಲ್ಲ ಅಂದರೆ ಇಲ್ಲ. ಡಬ್ಬಿ ಸಾಮಾನಿಗೆ ಅಂತಲೇ ಕೆಳಗಿನ ಒಂದು ರೂಮು ಹಿಡಿದಿದ್ದರೆ ಆ ರೂಮಿನ ಬಾಡಿಗೆ ಮಾತ್ರ ಸೇರಿಸಿ.

ಹೆಜ್ಜೆ 4: ಭಾಗಿಸಿ

ತಿಂಗಳ ಖರ್ಚನ್ನು ಡಬ್ಬಿಯ ಉಳಿಕೆಯಿಂದ ಭಾಗಿಸಬೇಕು. 8,400ನ್ನು 32ರಿಂದ ಭಾಗಿಸಿದರೆ 262.5. ಅರ್ಧ ಡಬ್ಬಿ ಮಾರಲಾಗುವುದಿಲ್ಲ, ಆದ್ದರಿಂದ 263. ತಿಂಗಳಿಗೆ 22 ಕೆಲಸದ ದಿನ ಹಿಡಿದರೆ ದಿನಕ್ಕೆ 12 ಡಬ್ಬಿ. ಯಾವಾಗಲೂ ಮೇಲಿನ ಪೂರ್ತಿ ಸಂಖ್ಯೆಯನ್ನೇ ತೆಗೆದುಕೊಳ್ಳಿ.

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಶೀಟ್ ಇಟ್ಟರೆ ತಿಂಗಳ ಖರ್ಚು B1ರಲ್ಲಿ, ಡಬ್ಬಿಯ ಬೆಲೆ B2ರಲ್ಲಿ, ಡಬ್ಬಿಯ ಖರ್ಚು B3ರಲ್ಲಿ, ಕೆಲಸದ ದಿನ B4ರಲ್ಲಿ ಬರೆದು, ಬೇರೆ ಖಾನೆಯಲ್ಲಿ ಇದನ್ನು ಹಾಕಿ. ದಿನಕ್ಕೆ ಎಷ್ಟು ಡಬ್ಬಿ ಅಂತ ಬರುತ್ತದೆ:

```
=ROUNDUP(B1/(B2-B3)/B4,0)
```

ಹನ್ನೆರಡು ಡಬ್ಬಿಗೆ ಅಸಲು ಹುಟ್ಟುತ್ತದೆ ಅಂತ ಕೇಳಿದಾಗ ಅತ್ತಿಗೆಗೆ ಖುಷಿಯಾಯಿತು. ಆಗ ಅವರದ್ದು ಇಪ್ಪತ್ತು ಡಬ್ಬಿ ಹೋಗುತ್ತಿತ್ತು. ಖುಷಿಪಡುವುದಕ್ಕೆ ಮುಂಚೆ ಇನ್ನೊಂದು ಸಾಲು ಬಾಕಿ ಇದೆ ಅಂದೆ.

ಬಿಟ್ಟುಹೋಗುವ ಸಾಲು: ನಿಮ್ಮ ದುಡಿಮೆ

"ನನ್ನ ಕೂಲಿ ಯಾಕೆ ಲೆಕ್ಕಕ್ಕೆ? ನನಗೆ ನಾನೇ ಸಂಬಳ ಕೊಟ್ಕೊಳ್ಳಾ?" ಅಂದರು.

"ನಿಮಗೆ ಹುಷಾರು ತಪ್ಪಿ ಒಂದು ತಿಂಗಳು ಮಲಗಿದ್ರಿ ಅಂದ್ಕೊಳ್ಳಿ ಅತ್ತಿಗೆ. ಡಬ್ಬಿ ನಿಲ್ಲಿಸೋ ಹಾಗಿಲ್ಲ. ಅಡುಗೆಯವರನ್ನ ಕರೆಸ್ತೀರಿ. ಅವರು ಎಷ್ಟು ಕೇಳ್ತಾರೆ?"

ಸ್ವಲ್ಪ ಹೊತ್ತು ಯೋಚಿಸಿ, "ಹನ್ನೆರಡು ಸಾವಿರಕ್ಕೆ ಕಡಿಮೆ ಯಾರೂ ಬರಲ್ಲ" ಅಂದರು.

ಅದೇ ಅವರ ಕೂಲಿ. ಮನಸ್ಸಿಗೆ ತೋಚಿದ ದೊಡ್ಡ ಸಂಬಳ ಹಾಕಿಕೊಳ್ಳುವುದೂ ಬೇಡ, ಸೊನ್ನೆ ಹಾಕುವುದೂ ಬೇಡ. ನಿಮ್ಮ ಜಾಗಕ್ಕೆ ಬರುವವರು ಕೇಳುವ ದುಡ್ಡು ಎಷ್ಟೋ ಅಷ್ಟು. 8,400ಕ್ಕೆ 12,000 ಸೇರಿದರೆ 20,400. 32ರಿಂದ ಭಾಗಿಸಿದರೆ 637.5, ಅಂದರೆ 638 ಡಬ್ಬಿ. ದಿನಕ್ಕೆ 29.

ಹೀಗೆ ಎರಡು ಗೆರೆ ಸಿಕ್ಕಿತು, 12 ಮತ್ತು 29. ಹನ್ನೆರಡಕ್ಕಿಂತ ಕಡಿಮೆಯಾದರೆ ಕೈಯಿಂದ ದುಡ್ಡು ಹೋಗುತ್ತಿದೆ ಅಂತ ಅರ್ಥ. ಹನ್ನೆರಡರಿಂದ ಇಪ್ಪತ್ತೊಂಬತ್ತರ ನಡುವೆ ಇದ್ದರೆ ದುಡ್ಡು ಹೋಗುತ್ತಿಲ್ಲ, ಆದರೆ ಪೂರ್ತಿ ಕೂಲಿಯೂ ಗಿಟ್ಟುತ್ತಿಲ್ಲ. ಇಪ್ಪತ್ತೊಂಬತ್ತು ದಾಟಿದ ಮೇಲೆ ಬರುವುದೇ ವ್ಯಾಪಾರದ ಲಾಭ.

ಅತ್ತಿಗೆಯ ಇಪ್ಪತ್ತು ಡಬ್ಬಿಯನ್ನು ಈಗ ನೋಡಿ. ಫೋನಿನಲ್ಲಿ ತಿಂಗಳಿಗೆ 39,600 ರೂಪಾಯಿ ಬಂದದ್ದು ಕಾಣುತ್ತಿತ್ತು. ಡಬ್ಬಿಗೆ 32ರಂತೆ 440 ಡಬ್ಬಿಯ ಉಳಿಕೆ 14,080. ಅದರಲ್ಲಿ ತಿಂಗಳ ಖರ್ಚು 8,400 ಕಳೆದರೆ 5,680. ದಿನಕ್ಕೆ ಐದು ಗಂಟೆ ಅಂದರೂ ತಿಂಗಳಿಗೆ 110 ಗಂಟೆಯ ಕೆಲಸ. ಗಂಟೆಗೆ 52 ರೂಪಾಯಿಯೂ ಪೂರ್ತಿ ಬೀಳಲಿಲ್ಲ. ಶುರುಮಾಡಿದ ಮೊದಲ ತಿಂಗಳುಗಳಲ್ಲಿ ಹೀಗಿರುವುದು ಸಹಜ. ವರ್ಷವಾದರೂ ಹಾಗೇ ಇದ್ದರೆ ಬೆಲೆಯನ್ನೋ ಮೆನುವನ್ನೋ ಬದಲಿಸಬೇಕು.

ಹತ್ತು ರೂಪಾಯಿ ಬಿಟ್ಟರೆ ಏನಾಗುತ್ತದೆ

ಗಿರಾಕಿ ಹೇಳುವ ಮಾತು ನಿಮಗೂ ಗೊತ್ತು: "ತಿಂಗಳಿಗೆ ಒಟ್ಟಿಗೆ ಕೊಡ್ತೀವಿ, 80 ಮಾಡ್ಕೊಳ್ಳಿ ಆಂಟಿ." 90ರಲ್ಲಿ ಹತ್ತು ರೂಪಾಯಿ ದೊಡ್ಡದಲ್ಲ ಅನಿಸುತ್ತದೆ. ಆದರೆ ಆ ಹತ್ತು ಹೋಗುವುದು 90ರಿಂದಲ್ಲ, ಉಳಿಕೆಯ 32ರಿಂದ. ಅಕ್ಕಿಯವನೂ ಗ್ಯಾಸಿನವನೂ ನಿಮಗೆ ಕಡಿಮೆ ಮಾಡುವುದಿಲ್ಲವಲ್ಲ. ಉಳಿಕೆ 22ಕ್ಕೆ ಇಳಿಯುತ್ತದೆ. 20,400ನ್ನು 22ರಿಂದ ಭಾಗಿಸಿದರೆ 928 ಡಬ್ಬಿ, ದಿನಕ್ಕೆ 43. ಅತ್ತಿಗೆಯ ಅಡುಗೆಮನೆಯಿಂದ ದಿನಕ್ಕೆ 35ಕ್ಕಿಂತ ಹೆಚ್ಚು ಹೊರಡುವುದಿಲ್ಲ. ಎಲ್ಲರಿಗೂ ಹತ್ತು ರೂಪಾಯಿ ಬಿಟ್ಟರೆ ಆ ಮನೆಯಲ್ಲಿ ಕೂಲಿ ಗಿಟ್ಟುವ ದಾರಿಯೇ ಇಲ್ಲ.

ಬೆಲೆ ಏರಿಸಿದರೆ ಇದೇ ಲೆಕ್ಕ ನಿಮ್ಮ ಕಡೆಗೆ ತಿರುಗುತ್ತದೆ. 95 ಮಾಡಿದರೆ ಉಳಿಕೆ 37, ದಿನಕ್ಕೆ 26 ಡಬ್ಬಿ ಸಾಕು. ಅಂದರೆ 29 ಗಿರಾಕಿಗಳಲ್ಲಿ ಮೂವರು ಬೇಡ ಅಂತ ಹೋದರೂ ನೀವು ಇದ್ದಲ್ಲೇ ಇರುತ್ತೀರಿ, ಮೂರು ಡಬ್ಬಿ ಕೆಲಸವೂ ಕಡಿಮೆ.

ಟೊಮೆಟೊ, ಈರುಳ್ಳಿ ಬೆಲೆ ಏರಿದ ತಿಂಗಳನ್ನೂ ಹೀಗೇ ನೋಡಬಹುದು. ಡಬ್ಬಿಯ ಸಾಮಾನು 35ರಿಂದ 39ಕ್ಕೆ ಹೋದರೆ ಉಳಿಕೆ 28. ದಿನಕ್ಕೆ 34 ಡಬ್ಬಿ ಬೇಕು. ಬರೀ ನಾಲ್ಕು ರೂಪಾಯಿಗೆ ಐದು ಡಬ್ಬಿ ಜಾಸ್ತಿ. ಅಂಥ ತಿಂಗಳಲ್ಲಿ ಟೊಮೆಟೊ ಸಾರಿನ ಬದಲು ನಿಂಬೆಹಣ್ಣಿನ ಸಾರು, ಹುಣಸೆಹಣ್ಣಿನ ಗೊಜ್ಜು ಮಾಡುವುದು ಬರೀ ಜಿಪುಣತನವಲ್ಲ.

ದಿನಕ್ಕೆ 29 ಅಂದರೆ 29 ಗಿರಾಕಿಗಳಲ್ಲ

ಇಲ್ಲಿ ತುಂಬಾ ಜನ ಎಡವುತ್ತಾರೆ. ತಿಂಗಳ ಗಿರಾಕಿ 22 ದಿನವೂ ಊಟ ತೆಗೆದುಕೊಳ್ಳುವುದಿಲ್ಲ. ರಜೆ ಹಾಕುತ್ತಾರೆ, ಊರಿಗೆ ಹೋಗುತ್ತಾರೆ, ಆಫೀಸಿನಲ್ಲಿ ಪಾರ್ಟಿ ಇರುತ್ತದೆ. ಒಬ್ಬೊಬ್ಬರೂ ಸರಾಸರಿ ಮೂರು ದಿನ ಬಿಟ್ಟು ಆ ದುಡ್ಡನ್ನು ಮುಂದಿನ ತಿಂಗಳಿಗೆ ಸೇರಿಸಿಕೊಂಡರೆ ನಿಮಗೆ ಸಿಗುವುದು ತಲಾ 19 ಡಬ್ಬಿ. 638 ಡಬ್ಬಿ ಆಗಬೇಕಾದರೆ 34 ಗಿರಾಕಿಗಳು ಬೇಕು.

ರಜೆಯನ್ನು ಯಾವಾಗ ಹೇಳುತ್ತಾರೆ ಅನ್ನುವುದೂ ಮುಖ್ಯ. ಹಿಂದಿನ ರಾತ್ರಿ ಎಂಟಕ್ಕೆ ಮುಂಚೆ ಹೇಳಿದರೆ ಹೋಗುವುದು 32 ರೂಪಾಯಿ ಉಳಿಕೆ ಮಾತ್ರ, ಸಾಮಾನು ಹಾಗೇ ಇರುತ್ತದೆ. ಬೆಳಗ್ಗೆ ಹತ್ತಕ್ಕೆ ಹೇಳಿದರೆ ಅಡುಗೆ ಆಗಿರುತ್ತದೆ. ಸಾಮಾನು, ಗ್ಯಾಸ್ ಸೇರಿ 40 ರೂಪಾಯಿ ಮೇಲಿಂದ ಹೋಗುತ್ತದೆ. ಅದನ್ನು ತುಂಬಿಕೊಳ್ಳಲು ಒಂದು ಡಬ್ಬಿಯ ಉಳಿಕೆಯೂ ಸಾಲದು. ಹಾಗಾಗಿ ರಾತ್ರಿ ಎಂಟರ ನಂತರ ಹೇಳಿದರೆ ಆ ದಿನದ ದುಡ್ಡು ವಾಪಸ್ ಇಲ್ಲ ಅಂತ ಮೊದಲ ದಿನವೇ ಹೇಳಿಬಿಡಿ. ಆಮೇಲೆ ಹೇಳಿದರೆ ಜಗಳವಾಗುತ್ತದೆ.

ಎಲ್ಲ ತಿಂಗಳೂ 22 ದಿನ ಇರುವುದಿಲ್ಲ. ಆಯುಧಪೂಜೆ, ವಿಜಯದಶಮಿ, ದೀಪಾವಳಿ ಒಟ್ಟಿಗೆ ಬಂದ ತಿಂಗಳಲ್ಲಿ 18 ದಿನವೇ ಸಿಕ್ಕಿತು ಅಂತಿಟ್ಟುಕೊಳ್ಳಿ. 638 ಡಬ್ಬಿಗೆ ದಿನಕ್ಕೆ 36 ಕಳಿಸಬೇಕು. ಅಡುಗೆಮನೆಯ ಮಿತಿ 35. ಆ ತಿಂಗಳು ಕೂಲಿ ಪೂರ್ತಿ ಬರುವುದಿಲ್ಲ, ಅಷ್ಟೇ. ಉಳಿದ ತಿಂಗಳುಗಳಲ್ಲಿ ಸ್ವಲ್ಪ ತೆಗೆದಿಟ್ಟುಕೊಂಡಿದ್ದರೆ ಗಾಬರಿಯಿಲ್ಲ.

ಹುಡುಗನಿಗೆ ಡಬ್ಬಿ ಲೆಕ್ಕದಲ್ಲಿ ಕೊಡುವುದೋ ತಿಂಗಳ ಸಂಬಳವೋ ಅನ್ನುವ ಪ್ರಶ್ನೆಯೂ ಇಲ್ಲಿಗೇ ಸೇರುತ್ತದೆ. ಅವನು ತಿಂಗಳಿಗೆ 8,000 ಕೇಳಿದ ಅನ್ನಿ. ದಿನಕ್ಕೆ 24 ಡಬ್ಬಿಯ ತನಕ ಡಬ್ಬಿ ಲೆಕ್ಕವೇ ಅಗ್ಗ, 25ರಿಂದ ಸಂಬಳ ಅಗ್ಗ. ಆದರೆ ಸಂಬಳವಾದರೆ ಹಬ್ಬದ ತಿಂಗಳಲ್ಲೂ 8,000 ಕೊಡಲೇಬೇಕು. ಡಬ್ಬಿ 30ರ ಮೇಲೆ ಗಟ್ಟಿಯಾಗಿ ನಿಲ್ಲುವ ತನಕ ನಾನಾದರೆ ಡಬ್ಬಿ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ.

36ನೇ ಡಬ್ಬಿ

ಮಿತಿ 35 ಅಂದೆನಲ್ಲ, ಅದು ಎಲ್ಲಿಂದ ಬಂತು? ಚಪಾತಿಯಿಂದ. 35 ಡಬ್ಬಿಗೆ 105 ಚಪಾತಿ. ಅನ್ನ, ಹುಳಿ ದೊಡ್ಡ ಪಾತ್ರೆಯಲ್ಲಿ ಐದು ಊಟ ಜಾಸ್ತಿ ಆದರೂ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಚಪಾತಿ ಹಾಗಲ್ಲ, ಒಂದೊಂದನ್ನೂ ಲಟ್ಟಿಸಬೇಕು, ಬೇಯಿಸಬೇಕು. ಹನ್ನೊಂದೂವರೆಗೆ ಡಬ್ಬಿ ಗಾಡಿಗೆ ಏರಬೇಕು. ಒಬ್ಬ ಸಹಾಯಕಿಯ ಕೈಯಲ್ಲಿ 105ಕ್ಕಿಂತ ಹೆಚ್ಚು ಆಗುವುದಿಲ್ಲ.

35 ಡಬ್ಬಿಯಲ್ಲಿ ಅತ್ತಿಗೆಗೆ ತಿಂಗಳಿಗೆ ಉಳಿಕೆ 24,640. ಅದರಲ್ಲಿ 20,400 ಹೋದರೆ ಕೂಲಿಯ ಮೇಲೆ ಲಾಭ 4,240. ಅಷ್ಟು ಹೊತ್ತಿಗೆ ಹೊಸ ಗಿರಾಕಿಗಳು ಕೇಳತೊಡಗಿದರು. ಇನ್ನೊಬ್ಬಳು ಸಹಾಯಕಿ ಇಟ್ಟುಕೊಳ್ಳೋಣ ಅಂದರು ಅತ್ತಿಗೆ. ಇನ್ನೂ 6,000. ತಿಂಗಳ ಖರ್ಚು 26,400 ಆಯಿತು. ಹೊಸ ಬ್ರೇಕ್-ಈವನ್ ದಿನಕ್ಕೆ 38. 36ನೇ ಡಬ್ಬಿ ಹೊರಟ ತಿಂಗಳು 4,240 ಲಾಭ ಇದ್ದದ್ದು 1,056 ನಷ್ಟಕ್ಕೆ ತಿರುಗುತ್ತದೆ. ಮೊದಲಿನ ಲಾಭ ಮತ್ತೆ ಸಿಗಬೇಕಾದರೆ 44 ಡಬ್ಬಿ ಆಗಬೇಕು. 36ರಿಂದ 43ರ ತನಕ ಕೆಲಸ ಜಾಸ್ತಿ, ಗಿರಾಕಿ ಜಾಸ್ತಿ, ಫೋನಿನಲ್ಲಿ ಬರುವ ದುಡ್ಡೂ ಜಾಸ್ತಿ, ಕೈಗೆ ಉಳಿಯುವುದು ಮಾತ್ರ ಕಡಿಮೆ.

ಈ ಗುಂಡಿಯನ್ನು ಮೊದಲೇ ಗುರುತಿಸಬಹುದು. ನಿಮ್ಮಲ್ಲಿ ಮೊದಲು ಸುಸ್ತಾಗುವುದು ಯಾವುದು ಅಂತ ನೋಡಿ. ಚಪಾತಿಯೋ, ಕುಕ್ಕರೋ, ಡಬ್ಬಿ ಹೊರುವ ಗಾಡಿಯೋ. ಅದಕ್ಕೆ ಇನ್ನೊಂದನ್ನು ಸೇರಿಸಿದರೆ ತಿಂಗಳಿಗೆ ಎಷ್ಟು ಖರ್ಚು ಅಂತ ಬರೆಯಿರಿ. ಅದನ್ನು ಒಂದು ಡಬ್ಬಿಯ ತಿಂಗಳ ಉಳಿಕೆಯಿಂದ ಭಾಗಿಸಿ. ಇಲ್ಲಿ 22 ದಿನಕ್ಕೆ 32ರಂತೆ 704. 6,000ನ್ನು 704ರಿಂದ ಭಾಗಿಸಿದರೆ ಎಂಟೂವರೆ. ಅಂದರೆ ಒಂಬತ್ತು ಹೊಸ ಗಿರಾಕಿಗಳು ಒಟ್ಟಿಗೆ ಬರುವ ಹಾಗಿದ್ದರೆ ಮಾತ್ರ ಎರಡನೆಯವಳನ್ನು ಕರೆಯಬೇಕು. ಒಬ್ಬೊಬ್ಬರಾಗಿ ಬಂದರೆ ಹೆಸರು ಬರೆದಿಟ್ಟುಕೊಂಡು ಕಾಯಿಸಿ.

ಕಾಯಿಸಲು ಮನಸ್ಸಿಲ್ಲದಿದ್ದರೆ ತಿಂಗಳ ಖರ್ಚನ್ನು ಡಬ್ಬಿಯ ಖರ್ಚಾಗಿ ಬದಲಿಸುವ ದಾರಿ ಇದೆ. 35ರ ಮೇಲಿನ ಡಬ್ಬಿಗಳಿಗೆ ಮಾತ್ರ ಹೊರಗಿನಿಂದ ಚಪಾತಿ ತರಿಸುವುದು. ಒಂದಕ್ಕೆ 6 ರೂಪಾಯಿ ಅಂದರೆ ಮೂರಕ್ಕೆ 18. ಹಿಟ್ಟಿನ ನಾಲ್ಕೂವರೆ ರೂಪಾಯಿ ಉಳಿಯುತ್ತದೆ. ಆ ಡಬ್ಬಿಯ ಉಳಿಕೆ 32ರಿಂದ ಹದಿನೆಂಟೂವರೆಗೆ ಇಳಿಯುತ್ತದೆ, ಆದರೆ 36ನೇ ಡಬ್ಬಿಯಿಂದಲೇ ದುಡ್ಡು ಉಳಿಯತೊಡಗುತ್ತದೆ. 44 ಡಬ್ಬಿಯಲ್ಲಿ ಲಾಭ 7,900 ದಾಟುತ್ತದೆ. ಎರಡನೇ ಸಹಾಯಕಿ ಇದ್ದರೆ ಅದೇ 44ಕ್ಕೆ 4,576 ಅಷ್ಟೇ.

ಲೆಕ್ಕ ಕೇಳಿ ಅತ್ತಿಗೆ ತಲೆಯಾಡಿಸಿದರು, ಒಪ್ಪಲಿಲ್ಲ. "ಮನೆ ಚಪಾತಿ ಅಂತ ತಾನೇ ನಮ್ಮ ಹತ್ರ ತಗೊಳ್ಳೋದು. ಅಂಗಡಿದು ಕೊಟ್ರೆ ಮೂರೇ ದಿನಕ್ಕೆ ಗೊತ್ತಾಗತ್ತೆ." ಅದೂ ನಿಜವೇ. ಶೀಟಿನಲ್ಲಿ ಈ ಮಾತಿಗೆ ಖಾನೆ ಇಲ್ಲ, ಆದರೆ ಗಿರಾಕಿ ಬಿಟ್ಟುಹೋದರೆ ಅದು ದಿನದ ಡಬ್ಬಿ ಎಣಿಕೆಯಲ್ಲೇ ಕಾಣುತ್ತದೆ.

ಅವರೇ ಬೇರೆ ದಾರಿ ಹುಡುಕಿದರು. ವಾಟ್ಸಾಪ್ ಗ್ರೂಪಿನಲ್ಲಿ, ಚಪಾತಿ ಬದಲು ರಾಗಿಮುದ್ದೆ ಯಾರಿಗೆ ಬೇಕು, ಅದೇ ಬೆಲೆ ಅಂತ ಹಾಕಿದರು. ಎಂಟು ಜನ ಬೇಕು ಅಂದರು. ಎಂಟು ಮುದ್ದೆಗೆ ಒಂದೇ ಪಾತ್ರೆ, ಒಂದೇ ಸಲ ತೊಳಸಿದರೆ ಆಯಿತು, ಕಾಲು ಗಂಟೆಯ ಕೆಲಸ. ಒಬ್ಬರಿಗೆ ನೂರು ಗ್ರಾಂ ರಾಗಿಹಿಟ್ಟು ಅಂದರೆ ಸುಮಾರು 5 ರೂಪಾಯಿ, ಗೋಧಿಹಿಟ್ಟಿನ ಖರ್ಚಿಗೆ ಹತ್ತಿರವೇ, ಆದ್ದರಿಂದ ಉಳಿಕೆ ಹಾಗೇ ಇತ್ತು. ಎಂಟು ಜನರ 24 ಚಪಾತಿ ಕೈಬಿಟ್ಟದ್ದರಿಂದ ಎಂಟು ಹೊಸ ಗಿರಾಕಿಗೆ ಜಾಗವಾಯಿತು. ಹದಿನಾರು ಡಬ್ಬಿ ಹೊಸದಾಗಿ ಕೊಂಡರು, 3,200 ರೂಪಾಯಿ, ಮೂರು ವರ್ಷಕ್ಕೆ ಹಂಚಿದರೆ ತಿಂಗಳಿಗೆ 90. ಈಗ ಹೋಗುವುದು 43 ಡಬ್ಬಿ, ಸಹಾಯಕಿ ಒಬ್ಬಳೇ. ಅಡುಗೆಮನೆಯ ಗೋಡೆಯ ಕ್ಯಾಲೆಂಡರ್ ಪಕ್ಕದಲ್ಲಿ ಎರಡು ಸಂಖ್ಯೆ ಬರೆದಿದ್ದಾರೆ: ಚಪಾತಿ 35, ಮುದ್ದೆ 8. ಇಬ್ಬರು ಕಾಯುತ್ತಿದ್ದಾರೆ. ಅವರಿಬ್ಬರೂ ಚಪಾತಿಯನ್ನೇ ಕೇಳುತ್ತಿರುವುದರಿಂದ ಸದ್ಯಕ್ಕೆ ಕಾಯಬೇಕು.